ಬಲ್ಬ್ ಬದಲಿಸುವ ಮೊದಲು ಹಸಿರು ವೈರ್ ನೋಡಿ

ಕಳೆದ ಮಳೆಗಾಲದಲ್ಲಿ ಸುಂಟಿಕೊಪ್ಪದ ನಮ್ಮ ಭಾವ ತಮ್ಮ ಹಳೇ 100 ಸಿಸಿ ಬೈಕಿಗೆ ನಾಲ್ಕು ಹೆಡ್‌ಲೈಟ್ ಬಲ್ಬ್ ಹಾಕಿಸಿದರು. ಐದನೆಯದು ಜೇಬಲ್ಲೇ ಇರುತ್ತಿತ್ತು. ಮಡಿಕೇರಿ ಕಡೆ ಮಂಜಿನಲ್ಲಿ ಏರು ಹತ್ತುವಾಗ ಲೈಟ್ ಪಟಪಟ ಮಿಣುಕಿ, ಒಮ್ಮೆ ಜೋರಾಗಿ ಉರಿದು, ಆರಿಹೋಗುತ್ತಿತ್ತಂತೆ. ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ರೆಗ್ಯುಲೇಟರನ್ನೂ ಮೆಕ್ಯಾನಿಕ್ ಹೊಸದು ಹಾಕಿದ್ದಾಯಿತು. ವಾರದೊಳಗೆ ಮತ್ತೆ ಬಲ್ಬ್ ಢಮಾರ್. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸುಟ್ಟ ಬಲ್ಬನ್ನು ಬಿಸಾಡದೆ ಬೆಳಕಿಗೆ ಹಿಡಿದು ನೋಡಿ. ಫಿಲಮೆಂಟ್ ತುದಿ ಕರಗಿ ಸಣ್ಣ ಉಂಡೆಯಾಗಿದ್ದು, ಗಾಜಿನ ಒಳಗೆ ಕಪ್ಪು ಹಿಡಿದಿದ್ದರೆ ವೋಲ್ಟೇಜ್ ಜಾಸ್ತಿ ಬಂದಿರುವ ಸಾಧ್ಯತೆ ಹೆಚ್ಚು. ಗಾಜು ಸ್ವಚ್ಛವಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಅಲುಗಾಟ ಕಾರಣವಿರಬಹುದು. ಹೋಲ್ಡರ್ ಬಿಗಿ ಮಾಡಿ. ಒಳಗೆ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಬಿರುಕು ಬಿಟ್ಟು ಗಾಳಿ ಹೊಕ್ಕಿದೆ. ಭಾವನ ಬಲ್ಬ್ ಕಪ್ಪಾಗಿತ್ತು. ಟೈಲ್ ಲೈಟೂ ಎರಡು ಸಲ ಹೋಗಿತ್ತು.

ಮುಂದೆ, ಎಂಜಿನ್ ಆಫ್ ಇಟ್ಟು ಕೀ ಆನ್ ಮಾಡಿ ಹೆಡ್‌ಲೈಟ್ ಸ್ವಿಚ್ ಒತ್ತಿ. ಉರಿದರೆ ಅದು ಬ್ಯಾಟರಿಯಿಂದ ನಡೆಯುವ ಡಿಸಿ ಲೈಟ್. ಹಳೇ ಬೈಕಿನಲ್ಲಿ ಉರಿಯದಿದ್ದರೆ ಸಾಮಾನ್ಯವಾಗಿ ಅದು ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರ ಬರುವ ಎಸಿ. ಡಿಸಿಯಲ್ಲಿ ಕೆಲಸ ಸುಲಭ: ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಎಂಜಿನ್ ರೇಸ್ ಮಾಡಿ ಬ್ಯಾಟರಿ ಟರ್ಮಿನಲ್‌ನಲ್ಲಿ ಅಳೆಯಿರಿ. ಸುಮಾರು 14 ವೋಲ್ಟ್ ಸರಿ, 15 ದಾಟಿ ಏರುತ್ತಾ ಹೋದರೆ ರೆಗ್ಯುಲೇಟರ್ ಅಥವಾ ಅದನ್ನು ಬಾಡಿಗೆ ಸೇರಿಸುವ ಅರ್ಥ್ ವೈರ್ ಕೆಟ್ಟಿದೆ. ಬ್ಯಾಟರಿ ಟರ್ಮಿನಲ್ ಸಡಿಲವಿದ್ದರೂ ಬಲ್ಬ್ ಸುಡಬಹುದು. ಬ್ಯಾಟರಿ ಕಿತ್ತು ಕಿಕ್ ಹೊಡೆದು ಓಡಿಸುವ ಸಾಹಸ ಮಾತ್ರ ಬೇಡ.

ಎಸಿ ಬೈಕಿನಲ್ಲಿ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಬಲ್ಬ್ ಉರಿಯುತ್ತಿರುವಾಗಲೇ ಹೋಲ್ಡರ್‌ನ ಹಿಂದೆ ಅಳೆಯಿರಿ. ಅಗ್ಗದ ಮೀಟರ್ ಇಲ್ಲಿ ನಿಖರವಾದ ಅಂಕಿ ಕೊಡುವುದಿಲ್ಲ. ಅಂಕಿಗಿಂತ ಅದರ ನಡೆ ನೋಡಿ. ಎಕ್ಸಿಲೇಟರ್ ತಿರುವಿದಂತೆ ಏರಿ, ಒಂದು ಹಂತದಲ್ಲಿ ನಿಲ್ಲಬೇಕು. ಭಾವನ ಬೈಕಿನಲ್ಲಿ ನಿಲ್ಲಲೇ ಇಲ್ಲ. 12, 15, 18. ತಕ್ಷಣ ಕೈ ಬಿಟ್ಟೆ, ಇಲ್ಲದಿದ್ದರೆ ಐದನೇ ಬಲ್ಬೂ ಹೋಗುತ್ತಿತ್ತು.

ಎಲ್ಲರೂ ಎಡವುವುದು ಇಲ್ಲೇ. ವೋಲ್ಟೇಜ್ ಏರಿತು, ಹಾಗಾದರೆ ರೆಗ್ಯುಲೇಟರ್ ಹೋಯಿತು ಅಂತ ಅಂಗಡಿಗೆ ಓಡುತ್ತಾರೆ. ಸ್ವಲ್ಪ ತಾಳಿ. ಈ ಬಗೆಯ ರೆಗ್ಯುಲೇಟರ್ ಹೆಚ್ಚಾದ ಕರೆಂಟನ್ನು ಅರ್ಥ್‌ಗೆ ಹರಿಸಿಬಿಡುತ್ತದೆ. ಹರಿಯುವ ದಾರಿಯೇ ಕಟ್ಟಿಹೋದರೆ ಹೊಚ್ಚಹೊಸ ಪೀಸ್ ಕೂಡ ಏನೂ ಮಾಡಲಾರದು. ಆ ದಾರಿಯೇ ಅರ್ಥ್ ವೈರ್. ಭಾವನ ಬೈಕಿನಲ್ಲಿ ಅದು ಹಸಿರು. ನಿಮ್ಮದರಲ್ಲಿ ಬೇರೆ ಬಣ್ಣವಿರಬಹುದು, ವೈರಿಂಗ್ ಡಯಾಗ್ರಾಂ ನೋಡಿಯೇ ಮುಟ್ಟಿ. ತಪ್ಪಿ ಬ್ಯಾಟರಿ ವೈರನ್ನು ಬಾಡಿಗೆ ಹಚ್ಚಿದರೆ ಫ್ಯೂಸ್ ಹಾರುತ್ತದೆ, ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿದ್ದರೆ ವೈರಿಂಗೇ ಸುಡುತ್ತದೆ.

ಪರೀಕ್ಷೆ ಹೀಗೆ. ಎಂಜಿನ್ ಆಫ್ ಮಾಡಿ. ಒಂದು ದಪ್ಪ ವೈರಿನ ಒಂದು ತುದಿಯನ್ನು ರೆಗ್ಯುಲೇಟರ್‌ಗೆ ವೈರ್‌ಗಳು ಸಿಕ್ಕಿಸಿರುವ ಕಪ್ಲರ್‌ನ ಹಿಂದಿನಿಂದ ಹಸಿರು ವೈರಿನ ಪಿನ್‌ಗೆ ತಾಗಿಸಿ. ಇನ್ನೊಂದು ತುದಿಯನ್ನು ಎಂಜಿನ್‌ನ ಒಂದು ಬೋಲ್ಟ್ ಕೆಳಗೆ, ಬಣ್ಣ ಕೆರೆದು, ಬಿಗಿಯಿರಿ. ಈಗ ಸ್ಟಾರ್ಟ್ ಮಾಡಿ ನಿಧಾನಕ್ಕೆ ರೇಸ್ ಕೊಡಿ. ನಾನು ಮಾಡಿದಾಗ ಮೀಟರ್ 13ರ ಹತ್ತಿರ ಬಂದು ನಿಂತುಬಿಟ್ಟಿತು. ಮಿಣುಕೂ ಇಲ್ಲ. "ಅಯ್ಯೋ, ಇಷ್ಟೇನಾ?" ಅಂದರು ಭಾವ. ಹಾಗೆ ತಾಗಿಸಿದರೂ ವೋಲ್ಟೇಜ್ ಏರುತ್ತಲೇ ಇದ್ದರೆ, ಆಗ ರೆಗ್ಯುಲೇಟರ್ ಬದಲಿಸಿ.

ಕಪ್ಲರ್ ಬಿಚ್ಚಿದರೆ ಹಸಿರು ವೈರಿನ ಪಿನ್ ಮೇಲೆ ಪಾಚಿಯಂತೆ ಕಿಲುಬು. ಚಾಸಿ ಬೋಲ್ಟ್ ಕೆಳಗಿನ ರಿಂಗ್ ಕೆಂಪು ತುಕ್ಕು. ನಮ್ಮ ಮಳೆಗೆ, ತೋಟದ ಕೆಸರಿಗೆ ಇದು ಆಗಲೇಬೇಕು. ಎಮರಿ ಪೇಪರ್‌ನಲ್ಲಿ ಹೊಳೆಯುವವರೆಗೆ ಉಜ್ಜಿ. ಸಡಿಲ ಪಿನ್ ಇದ್ದರೆ ಹೊಸದು ಹಾಕಿಸಿ. ಬಿಗಿದ ಮೇಲೆ ವ್ಯಾಸಲೀನ್ ಸವರಿ. ನಾನಂತೂ ಆ ತಾತ್ಕಾಲಿಕ ವೈರನ್ನು ಸರಿಯಾಗಿ ಬೆಸೆದು ಖಾಯಂ ಆಗಿ ಬಿಟ್ಟುಬಿಡುತ್ತೇನೆ. ಮೇಲೆ ಬರೀ ಟೇಪ್ ಸುತ್ತಬೇಡಿ, ನೀರು ಒಳಗೇ ಕೂತುಬಿಡುತ್ತದೆ.

ಬಲ್ಬ್ ವಿಷಯದಲ್ಲಿ ನನ್ನದು ಹಠ: ಹಳೆಯದರ ಮೇಲೆ 35/35 ವ್ಯಾಟ್ ಅಂತ ಇದ್ದರೆ ಅದನ್ನೇ ಹಾಕಿ. ಮಂಜಿಗೆ ಒಳ್ಳೆಯದು ಅಂತ 90/100 ಹಾಕಿಸಿದರೆ ಕಾಯಿಲ್ ಅಷ್ಟು ಕೊಡುವುದಿಲ್ಲ, ಬೆಳಕು ಕೆಂಪಗಾಗುತ್ತದೆ. ಎಸಿ ಲೈನಿಗೆ ಸಿಕ್ಕಿದ ಎಲ್‌ಇಡಿ ತುರುಕಿದರೆ ಮಿಣುಕುವುದು ಅದರ ಹುಟ್ಟುಗುಣ. ಹ್ಯಾಲೊಜೆನ್ ಗಾಜನ್ನು ಬೆರಳಲ್ಲಿ ಮುಟ್ಟಬೇಡಿ.

ಇನ್ನು ಕಾಯಿಲ್. ಕಾಯಿಲ್ ಸೋತರೆ ಬಲ್ಬ್ ಸುಡುವುದಿಲ್ಲ, ಮಂಕಾಗುತ್ತದೆ. ಎಷ್ಟು ರೇಸ್ ಕೊಟ್ಟರೂ ಬೆಳಕು ಏರುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಮಾತ್ರ ಮಿಣುಕಿದರೆ ಅದರ ಮೇಲೆ ಅನುಮಾನ ಪಡಿ. ಕಾಯಿಲ್‌ನ ಕಪ್ಲರ್ ಬಿಚ್ಚಿ ಓಮ್‌ನಲ್ಲಿ ಅಳೆಯಿರಿ, ಮೀಟರ್ ಕಡ್ಡಿಗಳೆರಡನ್ನೂ ಒಂದಕ್ಕೊಂದು ತಾಗಿಸಿದಾಗ ತೋರುವ ಅಂಕಿಯನ್ನು ಬಂದ ಅಂಕಿಯಿಂದ ಕಳೆಯಿರಿ. ಒಂದು ಓಮ್‌ನ ಆಸುಪಾಸು ಬಂದರೆ ತಂತಿ ತುಂಡಾಗಿಲ್ಲ. ಹಳೇ ಸಿಂಗಲ್ ಫೇಸ್ ಕಾಯಿಲ್‌ನ ಒಂದು ತುದಿ ಸಾಮಾನ್ಯವಾಗಿ ಬಾಡಿಗೇ ಸೇರಿರುತ್ತದೆ, ಅದನ್ನು ಶಾರ್ಟ್ ಅಂತ ಹೇಳಿ ಹೊಸ ಕಾಯಿಲ್ ಮಾರುವವರಿದ್ದಾರೆ. ಮೂರು ಹಳದಿ ವೈರ್ ಇರುವ ತ್ರೀ ಫೇಸ್ ಬೈಕಿನಲ್ಲಿ ಮಾತ್ರ ಬಾಡಿಗೆ ತಾಗಿದ್ದರೆ ಅದು ನಿಜವಾದ ದೋಷ.