ಪಗಾರದ ಲೆಕ್ಕಕ್ಕೆ ನಮ್ಮದೇ ಬೆಲೆ ಸೂಚ್ಯಂಕ: ಆಧಾರ ವರ್ಷದ ಜಗಳ ಹೇಗೆ ಮುಗಿಯಿತು

ಹುಬ್ಬಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಕೆಲಸಗಾರರು ಮೂವತ್ತೈದರ ಆಸುಪಾಸು. ಪಗಾರ ಹೆಚ್ಚಳಕ್ಕೆ ಮನೆಸಾಮಾನಿನ ಸೂಚ್ಯಂಕ ಕಟ್ಟೋಣ ಎಂದು ನಾನು ಹೇಳಿದಾಗ ಮಾಲೀಕರೂ ನಂಬಲಿಲ್ಲ, ಕೆಲಸಗಾರರೂ ನಂಬಲಿಲ್ಲ. ಈಗ ಎರಡೂ ಕಡೆಯವರು ಅದೇ ಹಾಳೆಗೆ ಸಹಿ ಹಾಕಿದ್ದಾರೆ. ಆಡಿಟರ್ ಕೂಡ ಅದರ ಪ್ರತಿ ಕೇಳಿ ಒಯ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಸರ್ಕಾರದ ಸೂಚ್ಯಂಕ ಇದೆಯಲ್ಲ ಎಂದು ಮೊದಲು ಎಲ್ಲರೂ ಕೇಳಿದರು. ಕೈಗಾರಿಕಾ ಕಾರ್ಮಿಕರ ಸೂಚ್ಯಂಕವನ್ನೇ ಇಟ್ಟುಕೊಂಡು ಶುರು ಮಾಡಿದ್ದೂ ಹೌದು. ಆದರೆ ಅದರ ಆಧಾರ ವರ್ಷ, ಅಂದರೆ ಬೆಲೆಯನ್ನು 100 ಎಂದು ಹಿಡಿಯುವ ವರ್ಷ, 2020ರಲ್ಲಿ 2001ರಿಂದ 2016ಕ್ಕೆ ಬದಲಾಯಿತು. 340ರ ಹತ್ತಿರ ಓಡುತ್ತಿದ್ದ ಅಂಕಿ ಒಮ್ಮೆಗೇ 118ಕ್ಕೆ ಬಂತು. ಹೊಸ ಅಂಕಿಯನ್ನು ಹಳೆಯದಕ್ಕೆ ಜೋಡಿಸಲು ಗುಣಿಸಬೇಕಾದ ಗುಣಕ 2.88 ಎಂದು ಗೊತ್ತಿದ್ದವರಿಗೆ ತೊಂದರೆಯಿಲ್ಲ. ಆದರೆ ಕ್ಯಾಂಟೀನಿನ ಗೋಡೆಗೆ ಅದನ್ನು ಅಂಟಿಸಿದರೆ ಯಾರು ನಂಬುತ್ತಾರೆ? ಅದರ ಜೊತೆಗೆ ಆಹಾರದ ತೂಕ, ಅಂದರೆ ಒಟ್ಟು ಖರ್ಚಿನಲ್ಲಿ ಅದರ ಪಾಲು, ಹಳೆಯ ಸರಣಿಯಲ್ಲಿ 46 ಪರ್ಸೆಂಟ್ ಇದ್ದದ್ದು ಹೊಸದರಲ್ಲಿ 39ಕ್ಕೆ ಇಳಿದಿದೆ. ನಮ್ಮ ಹುಡುಗರ ಮನೆಯಲ್ಲಿ ಊಟದ ಖರ್ಚು ಅದಕ್ಕಿಂತ ಜಾಸ್ತಿ.

ಹಾಗಾಗಿ ಕೆಲವು ಮನೆಗಳ ಖರ್ಚಿನ ಪುಸ್ತಕ ತರಿಸಿಕೊಂಡೆ. ಬರೀ ರೂಪಾಯಿ ಬರೆದ ಪುಸ್ತಕ ಉಪಯೋಗಕ್ಕೆ ಬರಲಿಲ್ಲ. "ಎಣ್ಣೆ 340" ಎಂದರೆ ಎರಡು ಲೀಟರೋ, ಒಂದು ದೊಡ್ಡ ಕ್ಯಾನೋ ತಿಳಿಯುವುದಿಲ್ಲ. ಪ್ರಮಾಣ ಬರೆದವರ ಪುಸ್ತಕ ಮಾತ್ರ ಇಟ್ಟುಕೊಂಡೆ. ಅಂಗಡಿಯವರಿಂದ ಪ್ರತಿ ತಿಂಗಳೂ ಅದೇ ದರ್ಜೆಯ ಅಕ್ಕಿಯ, ಅದೇ ಬೇಳೆಯ ರೇಟು ಹೇಗೆ ತರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಹುಡುಕಿಕೊಳ್ಳಲು ನನಗೆ ಬಹಳ ಕಾಲ ಹಿಡಿದಿದೆ.

ಬುಟ್ಟಿ ಎಂದರೆ ಸೂಚ್ಯಂಕಕ್ಕೆ ಹಿಡಿದ ಸಾಮಾನುಗಳ ಪಟ್ಟಿ; ಪೂರ್ತಿ ಬುಟ್ಟಿ ದೊಡ್ಡದು. ಜಗಳ ನಡೆದದ್ದು ಐದು ಸಾಮಾನಿನ ಮೇಲೆ, ಅದನ್ನಷ್ಟೇ ಹೇಳುತ್ತೇನೆ. ಒಂದು ಮನೆಗೆ ತಿಂಗಳಿಗೆ ಅಕ್ಕಿ-ಜೋಳ ಸೇರಿ 25 ಕೆಜಿ, ತೊಗರಿಬೇಳೆ 4 ಕೆಜಿ, ಸೂರ್ಯಕಾಂತಿ ಎಣ್ಣೆ 4 ಲೀಟರ್, ಟೊಮೆಟೊ 8 ಕೆಜಿ, ಹಾಲು 30 ಲೀಟರ್. ರೇಟುಗಳು ನೆನಪಿನಿಂದ, ಸುಮಾರಾಗಿ. 2022-23ರ ಹನ್ನೆರಡು ತಿಂಗಳ ಸರಾಸರಿ ಅದೇ ಕ್ರಮದಲ್ಲಿ 48, 110, 170, 25, 38 ರೂಪಾಯಿ. ಬುಟ್ಟಿಯ ಮೊತ್ತ 3,660. 2025-26ರ ಸರಾಸರಿ 58, 120, 155, 30, 46. ಮೊತ್ತ 4,170. ಸೂಚ್ಯಂಕ 114.

ಇದನ್ನು ತೋರಿಸಿದಾಗ ಮಾಲೀಕರ ಕಡೆಯಿಂದ ಇನ್ನೊಂದು ಹಾಳೆ ಬಂತು. ಸಾಮಾನು ಅವೇ, ಪ್ರಮಾಣ ಅದೇ. ಆಧಾರ ಮಾತ್ರ 2023ರ ಜುಲೈ, ಏಕೆಂದರೆ ಹಿಂದಿನ ಒಪ್ಪಂದ ಮುಗಿದದ್ದು ಆ ತಿಂಗಳು. ಆ ಜುಲೈ ಎಲ್ಲರಿಗೂ ನೆನಪಿರಬೇಕು. ಟೊಮೆಟೊ ಕೆಜಿಗೆ ನೂರು ದಾಟಿತ್ತು. ನಾನು ಬರೆದುಕೊಂಡದ್ದು 110. ಬೇಳೆ 150, ಅಕ್ಕಿ 54, ಎಣ್ಣೆ ಇಳಿದು 130, ಹಾಲು 39. ಮೊತ್ತ 4,520. ಅಂದರೆ 2025-26ರ ಸೂಚ್ಯಂಕ 92. ಬೆಲೆ ಎಂಟು ಪರ್ಸೆಂಟ್ ಕಡಿಮೆಯಾಗಿದೆ, ಪಗಾರ ಯಾಕೆ ಏರಿಸಬೇಕು ಎಂದು ವಾದ. "ಹಿಂಗಾದ್ರ ನಾವ ವಾಪಸ್ ರೊಕ್ಕ ಕೊಡಬೇಕೇನ್ರಿ?" ಎಂದು ಲೇತ್ ಮೇಲಿನ ಹಿರಿಯರೊಬ್ಬರು ಸಿಟ್ಟಾಗಿದ್ದರು.

ಆ ಹಾಳೆಯಲ್ಲಿ ಕೂಡಿಸುವ ತಪ್ಪು ಒಂದೂ ಇರಲಿಲ್ಲ. 4,170ನ್ನು 4,520ರಿಂದ ಭಾಗಿಸಿದರೆ 92 ಬಂದೇ ಬರುತ್ತದೆ. ನನ್ನ ಹಾಳೆಯಲ್ಲೂ 2023ರ ಜುಲೈ ಸೂಚ್ಯಂಕ 123.5 ಇದೆ, 114ನ್ನು ಅದರಿಂದ ಭಾಗಿಸಿದರೂ ಅದೇ 92. ಪ್ರಮಾಣ ಬದಲಾಗದಿದ್ದರೆ ಎರಡು ಕಾಲಗಳ ನಡುವಿನ ಅನುಪಾತವೂ ಬದಲಾಗುವುದಿಲ್ಲ. ತಕರಾರು ಇರುವುದು ಯಾವ ಕಾಲಕ್ಕೆ 100 ಎಂದು ಕರೆಯುತ್ತೀರಿ, ಆ ಕಾಲದಲ್ಲಿ ಜನ ಏನು ಕೊಳ್ಳುತ್ತಿದ್ದರು ಎಂಬುದರಲ್ಲಿ.

ಟೊಮೆಟೊ ತೂಕ ನೋಡಿ. 2022-23ರಲ್ಲಿ ಅದು 3,660ರಲ್ಲಿ 200 ರೂಪಾಯಿ, ಅಂದರೆ ಐದೂವರೆ ಪರ್ಸೆಂಟ್. 2023ರ ಜುಲೈ ಹಾಳೆಯಲ್ಲಿ 880 ರೂಪಾಯಿ, ಹತ್ತೊಂಬತ್ತೂವರೆ ಪರ್ಸೆಂಟ್! ಅಕ್ಕಿ-ಜೋಳ, ಹಾಲು ಬಿಟ್ಟರೆ ಮನೆಯ ದೊಡ್ಡ ಖರ್ಚು ಟೊಮೆಟೊ ಎಂದು ಆ ಹಾಳೆ ಹೇಳುತ್ತಿತ್ತು. ಆ ರೇಟಿಗೆ 8 ಕೆಜಿ ಯಾರು ಕೊಂಡಿದ್ದಾರೆ? ಪುಸ್ತಕ ತೆಗೆದು ನೋಡಿದೆ. ಆ ತಿಂಗಳು ಹೆಚ್ಚಿನ ಮನೆಗಳಲ್ಲಿ 3 ಕೆಜಿ ದಾಟಿರಲಿಲ್ಲ. ಸಾರಿಗೆಲ್ಲ ಹುಣಸೆಹಣ್ಣು. ಸುಮ್ನೆ ಪರೀಕ್ಷೆಗೆ ಎರಡೂ ಕಾಲದ ಮೊತ್ತದಲ್ಲಿ 8ರ ಬದಲು 3 ಹಾಕಿದೆ. ಅದೇ ಜುಲೈ ಆಧಾರದಲ್ಲಿ 92 ಇದ್ದದ್ದು 101 ಆಯಿತು. ಒಂದೇ ತರಕಾರಿಯ ಪ್ರಮಾಣದಿಂದ ಒಂಬತ್ತು ಅಂಕ ಅಲುಗಾಡುವ ಆಧಾರದ ಮೇಲೆ ಪಗಾರ ನಿಲ್ಲಿಸಲು ಆಗುವುದಿಲ್ಲ ಎಂದು ಮಾಲೀಕರಿಗೆ ಅವರ ಹಾಳೆಯಲ್ಲೇ ತೋರಿಸಿದೆ. ಅವರು ಸೋತದ್ದು ಅಲ್ಲಿ. ಸೂತ್ರ ಇಷ್ಟೇ: ಸಿ ಕಾಲಂ ಪ್ರಮಾಣ, ಡಿ ಆಧಾರದ ಬೆಲೆ, ಇ ಈಗಿನ ಬೆಲೆ.

```
=SUMPRODUCT(C2:C6,E2:E6)/SUMPRODUCT(C2:C6,D2:D6)*100
```

ನಡುವೆ ಹಾಲು ಒಂದು ಆಟ ಆಡಿಸಿತು. 2024ರ ಜೂನ್‌ನಲ್ಲಿ ನಂದಿನಿ ನೀಲಿ ಪ್ಯಾಕೆಟ್ 42ರಿಂದ 44 ಆಯಿತು, ಆದರೆ ಒಳಗೆ 1,050 ಮಿಲಿ. ಲೀಟರ್ ಲೆಕ್ಕ ಹಾಕಿದರೆ 41.90, ಅಂದರೆ ಏರಿಕೆಯೇ ಇಲ್ಲ. 2025ರ ಏಪ್ರಿಲ್‌ನಲ್ಲಿ 46 ಆಯಿತು, ಪ್ಯಾಕೆಟ್ ಮತ್ತೆ 1,000 ಮಿಲಿ. ಪ್ಯಾಕೆಟ್ ನೋಡಿದವರಿಗೆ ಎರಡು ರೂಪಾಯಿ ಏರಿಕೆ, ನಿಜವಾಗಿ ನಾಲ್ಕು. ಹಾಲಿನ ತೂಕ ಮೂವತ್ತೊಂದು ಪರ್ಸೆಂಟ್ ಇರುವಾಗ ಇದನ್ನು ಬಿಡಲು ಆಗುತ್ತದೆಯೇ? ಈಗ ಎಲ್ಲದಕ್ಕೂ ಪ್ಯಾಕೆಟ್ ಮೇಲಿನ ಪ್ರಮಾಣ ಬೇರೆ ಕಾಲಂನಲ್ಲಿ ಬರೆಯುತ್ತೇನೆ. ಬಿಸ್ಕೆಟ್, ಸೋಪಿಗೂ ಅದೇ.

ಬೆಲೆಗಳ ಅನುಪಾತಗಳನ್ನು ಕೂಡಿಸುವ ಬದಲು ಗುಣಿಸಿ ತೆಗೆಯುವ ಗುಣೋತ್ತರ ಸರಾಸರಿಯನ್ನೂ ಒಮ್ಮೆ ಓಡಿಸಿ ನೋಡಿದೆ. ಒಂದು ಸಾಮಾನು ಹುಚ್ಚಾಗಿ ಏರಿದರೂ ಅದು ಅಷ್ಟು ಎಳೆಯುವುದಿಲ್ಲ ಎಂಬ ಆಸೆ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ ಹೆಚ್ಚಿನ ಮನೆಗಳ ಕರೆಂಟ್ ಬಿಲ್ ಸೊನ್ನೆ ಆಗಿತ್ತು. ಗುಣಾಕಾರದಲ್ಲಿ ಒಂದು ಸೊನ್ನೆ ಬಂದರೆ ಇಡೀ ಸೂಚ್ಯಂಕ ಸೊನ್ನೆ. ಆ ದಾರಿ ಅಲ್ಲಿಗೇ ಬಿಟ್ಟೆ. ಕರೆಂಟನ್ನು ಬುಟ್ಟಿಯಿಂದ ತೆಗೆದು ಬೇರೆ ಸಾಲಿನಲ್ಲಿ ಇಟ್ಟೆ. ಸರ್ಕಾರ ಕೊಟ್ಟ ಉಚಿತದಿಂದ ಪಗಾರ ಕಡಿಮೆ ಮಾಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮಾಲೀಕರು ಅದಕ್ಕೆ ಸುಲಭವಾಗಿ ಒಪ್ಪಲಿಲ್ಲ.

2022-23 ಕೂಡ ಶುದ್ಧ ವರ್ಷ ಅಲ್ಲ. ಉಕ್ರೇನ್ ಯುದ್ಧದಿಂದ ಎಣ್ಣೆ ಏರಿತ್ತು. ಆ 170ರ ಬದಲು 140 ಹಾಕಿದರೆ ಸೂಚ್ಯಂಕ 118 ಬರುತ್ತದೆ. ಅಂದರೆ ನನ್ನ ಆಧಾರದಿಂದ ಕೆಲಸಗಾರರಿಗೆ ನಾಲ್ಕು ಅಂಕ ನಷ್ಟ. ಇದನ್ನು ಮುಚ್ಚಿಡದೆ ಇಬ್ಬರಿಗೂ ಹೇಳಿದೆ. ಮಾಲೀಕರಿಗೆ ನನ್ನ ಮೇಲೆ ನಂಬಿಕೆ ಬಂದದ್ದು ಆಗಲೇ ಇರಬೇಕು. ಆದರೂ 140ಕ್ಕೆ ತಿದ್ದಲಿಲ್ಲ. ಒಂದನ್ನು ತಿದ್ದಿದರೆ ಮುಂದೆ ಎಲ್ಲರೂ ತಮಗೆ ಬೇಕಾದ ಸಾಮಾನನ್ನು ತಿದ್ದಲು ಬರುತ್ತಾರೆ. ಹನ್ನೆರಡು ತಿಂಗಳ ಸರಾಸರಿ, ತೂಕವೂ ಅದೇ ವರ್ಷದ್ದು ಎಂಬ ನಿಯಮ ಮಾತ್ರ ಗಟ್ಟಿ ಹಿಡಿದೆವು. ತಿಂಗಳ ಆಧಾರ ಯಾವತ್ತೂ ಬೇಡ, ಮಳೆಗಾಲದ ತಿಂಗಳಂತೂ ಬೇಡವೇ ಬೇಡ.

ಕೊನೆಗೆ ಪೂರ್ತಿ ಬುಟ್ಟಿಯ ಸೂಚ್ಯಂಕದಿಂದ ಆಗಲೇ ಕೊಟ್ಟಿದ್ದ ಏರಿಕೆ ಕಳೆದು, ತಲಾ ತಿಂಗಳಿಗೆ ಸುಮಾರು 1,100 ರೂಪಾಯಿ ಎಂದು ತೀರ್ಮಾನವಾಯಿತು. ಮಾಲೀಕರಿಗೆ ವರ್ಷಕ್ಕೆ ನಾಲ್ಕೂವರೆ ಲಕ್ಷದ ಮೇಲೆ ಬೀಳುತ್ತದೆ. ಮುಂದಿನ ಆಧಾರ 2027-28 ಎಂದು ಈಗಲೇ ಬರೆದಿಟ್ಟಿದ್ದೇವೆ, ಆ ವರ್ಷ ಯಾವುದರ ಬೆಲೆ ಏರುತ್ತದೆ ಎಂದು ಇವತ್ತು ಯಾರಿಗೂ ಗೊತ್ತಿಲ್ಲದಿರುವಾಗಲೇ. ಆಗ ಹಳೆಯ ಸರಣಿ, ಹೊಸ ಸರಣಿ ಎರಡನ್ನೂ ಒಂದು ಇಡೀ ವರ್ಷ ಜೊತೆಗೆ ಓಡಿಸಿ ಗುಣಕ ತೆಗೆಯಬೇಕು. ಅದಕ್ಕೆ ಬೇಕಾದ ಪುಸ್ತಕಗಳನ್ನು ಮನೆಗಳಿಗೆ ಹಂಚಿದ್ದಾಗಿದೆ, ಈ ಸಲ ಪ್ರಮಾಣದ ಕಾಲಂ ಅಚ್ಚು ಹಾಕಿಸಿಯೇ ಕೊಟ್ಟಿದ್ದೇನೆ.