ಬೋನ್ ಮ್ಯಾರೋ ಕೌಂಟ್: ಪಾರ್ಟಿಕಲ್ ಹಿಂದಿನ ಟ್ರೇಲ್ ಬಿಟ್ಟು ಬೇರೆಲ್ಲೂ ಎಣಿಸಲ್ಲ ನಾನು

ಮ್ಯಾರೋಲಿ ಬಿಳಿ ಕಣದ ಮಯಲಾಯ್ಡ್ ಸೀರೀಸ್, ಕೆಂಪು ಕಣದ ಎರಿಥ್ರಾಯ್ಡ್ ಸೀರೀಸಿಗೆ ಎಷ್ಟು ಪಟ್ಟು ಅಂತ ಹೇಳೋ ಎಮ್-ಇ ರೇಶಿಯೋ ನಂಬೋಕಾಗಲ್ಲ, ಒಬ್ಬೊಬ್ರಿಗೆ ಒಂದೊಂದು ಬರುತ್ತೆ ಅಂತ ನಮ್ಮಲ್ಲಿ ಸೀನಿಯರ್ಸೇ ಹೇಳ್ತಿದ್ರು. ನಾನು ಜಾಗ ಫಿಕ್ಸ್ ಮಾಡ್ಕೊಂಡು ಎಣಿಸ್ತೀನಿ ಅಂದಾಗ ನಕ್ಕಿದ್ರು, ಈಗ ಡೌಟ್ ಬಂದ ಸ್ಲೈಡ್ ನನ್ನ ಟೇಬಲ್‌ಗೇ ಬರುತ್ತೆ.

ಇದು ಪಕ್ಕಾ ಆಗಿದ್ದು ಒಂದು ಕೇಸಲ್ಲಿ. ಪೇಷಂಟ್‌ಗೆ ಅರವತ್ತರ ಹತ್ರ ವಯಸ್ಸು, ಹಿಮೋಗ್ಲೋಬಿನ್ ಏಳರ ಆಸುಪಾಸು, ರೆಟಿಕ್ ಅಂದ್ರೆ ರಕ್ತದಲ್ಲಿನ ಎಳೇ ಕೆಂಪು ಕಣ ಜಾಸ್ತಿ, ಟೋಟಲ್ ಕೌಂಟ್ 14 ಸಾವಿರ ಇರಬೇಕು, ಅದರಲ್ಲಿ ಮುಕ್ಕಾಲು ಪಾಲು ನ್ಯೂಟ್ರೋಫಿಲ್ಲೇ. ಲಿಂಫೋಮಾ ಇದೆಯಾ ನೋಡಿ ಅಂತ ಮ್ಯಾರೋ ಕಳಿಸಿದ್ರು. ಮೊದಲು ಎಣಿಸಿದವರು ಪೆರಿಫೆರಲ್ ಸ್ಮಿಯರ್ ಅಭ್ಯಾಸದಲ್ಲಿ ಟೇಲ್ ಹತ್ರ, ಸೆಲ್ ಚೆನ್ನಾಗಿ ಬಿಡಿಬಿಡಿಯಾಗಿ ಕಾಣೋ ಕಡೆ 500 ಎಣಿಸಿದ್ರು. ಮಯಲಾಯ್ಡ್ ಸುಮಾರು 340, ಎರಿಥ್ರಾಯ್ಡ್ 75, ಉಳಿದಿದ್ದು ಹೆಚ್ಚಾಗಿ ಲಿಂಫೋಸೈಟ್. 340 ಭಾಗಿಸು 75, ಅಂದ್ರೆ 4.5. ಮಯಲಾಯ್ಡ್ ಹೈಪರ್‌ಪ್ಲೇಸಿಯಾ ಅಂತ ಬರೆಯೋಕೆ ರೆಡಿಯಾಗಿತ್ತು.

ಆದ್ರೆ ರೆಟಿಕ್ ಅಷ್ಟಿರೋವಾಗ ಎರಿಥ್ರಾಯ್ಡ್ ಇಷ್ಟು ಕಮ್ಮಿ ಹೇಗೆ ಇರುತ್ತೆ? ಆ 340ನ್ನ ಬಿಡಿಸಿ ನೋಡಿದ್ರೆ 210 ಬರೀ ಬಲಿತ ಸೆಗ್ಮೆಂಟೆಡ್ ನ್ಯೂಟ್ರೋಫಿಲ್; ಎಳೇ ಹಂತದ ಬ್ಯಾಂಡ್, ಮೆಟಾ, ಮಯಲೋಸೈಟ್, ಪ್ರೋಮಯಲೋಸೈಟ್ ಎಲ್ಲಾ ಸೇರಿ 130. ಮ್ಯಾರೋಲಿ ಹಂಗಿರಲ್ಲ, ಅದು ಸಿರಿಂಜ್‌ಗೆ ಬಂದ ಬ್ಲಡ್. ಅದೇ ಮ್ಯಾರೋ ಸ್ಲೈಡುಗಳಲ್ಲಿ ಪಾರ್ಟಿಕಲ್, ಅಂದ್ರೆ ಮ್ಯಾರೋ ಚೂರು ಎಳೆದುಹೋದ ದಾರಿ, ಅದರ ಹಿಂದಿನ ಟ್ರೇಲ್ ಇದೆಯಲ್ಲ, ಅಲ್ಲಿ ಕೂತು ಮತ್ತೆ 500 ಎಣಿಸಿದೆ, ಎರಡು ಸ್ಲೈಡಿಗೆ ಹಂಚಿ. ಮಯಲಾಯ್ಡ್ 232 (ಸೆಗ್ಮೆಂಟೆಡ್ ಬರೀ 60ರಷ್ಟು), ಎರಿಥ್ರಾಯ್ಡ್ 210, ಮಿಕ್ಕಿದ್ದು ಲಿಂಫೋ ಮತ್ತೆ ಪ್ಲಾಸ್ಮಾ ಸೆಲ್. ರೇಶಿಯೋ 1.1! ಒಂದೇ ಪೇಷಂಟ್, ಒಂದೇ ಮ್ಯಾರೋ, 4.5 ಎಲ್ಲಿ 1.1 ಎಲ್ಲಿ. ಎರಿಥ್ರಾಯ್ಡ್ ಹೈಪರ್‌ಪ್ಲೇಸಿಯಾ ಅಂತ ಹೋಯ್ತು, ಕೆಂಪು ಕಣ ಒಡೆಯೋ ಹಿಮೋಲಿಸಿಸ್‌ಗೆ ಸರಿಯಾಗಿ ಕೂತ್ಕೊಳ್ತು.

ರೇಶಿಯೋದ ಮೇಲಿನ ಸಾಲಿಗೆ, ಅಂದ್ರೆ ಮಯಲಾಯ್ಡ್ ಕಡೆಗೆ ನಾನು ಗ್ರ್ಯಾನುಲೋಸೈಟ್ ಸೀರೀಸ್ ಪೂರ್ತಿ, ಜೊತೆಗೆ ಮೊನೋಸೈಟ್ ಹಾಕ್ತೀನಿ, ಬ್ಲಾಸ್ಟ್ ಹಾಕಲ್ಲ. ಲಿಂಫೋ, ಪ್ಲಾಸ್ಮಾ ಎರಡೂ ಕಡೆ ಬರಲ್ಲ. ಮೆಗಾಕ್ಯಾರಿಯೋಸೈಟ್, ಒಡೆದುಹೋದ ಸೆಲ್ಲು 500ರಲ್ಲೇ ಸೇರಲ್ಲ. ಮೊನೋಸೈಟ್ ಬಿಡೋ ಲ್ಯಾಬೂ ಇವೆ, ಏನೇ ಮಾಡಿ ಆದ್ರೆ ನಿಮ್ಮ ಲ್ಯಾಬಲ್ಲಿ ಎಲ್ಲರೂ ಒಂದೇ ಥರ ಮಾಡಿ.

ಬರೀ ರೇಶಿಯೋ ಬರೆದು ಸುಮ್ಮನಾಗಬೇಡಿ. ಎರಡೂ ಸೀರೀಸ್ ಒಟ್ಟಿಗೆ ಕುಗ್ಗಿದ್ರೂ 3 ಬರುತ್ತೆ, ನಾರ್ಮಲ್ ಅನ್ಸುತ್ತೆ. ಅದಕ್ಕೆ ಸೆಲ್ಯುಲಾರಿಟಿ ಮೊದಲು, 10ಎಕ್ಸ್‌ನಲ್ಲಿ, ಪಾರ್ಟಿಕಲ್ ಒಳಗೇ. ಕೊಬ್ಬಿನ ಖಾಲಿ ಜಾಗ ಎಷ್ಟು, ಸೆಲ್ ತುಂಬಿದ್ದು ಎಷ್ಟು ಅಷ್ಟೇ. ಕಾಲು ಭಾಗಕ್ಕಿಂತ ಕಮ್ಮಿ ಹೈಪೋ, ಮುಕ್ಕಾಲಿಗಿಂತ ಜಾಸ್ತಿ ಹೈಪರ್, ಇದರ ಮೇಲೆ ವಯಸ್ಸು ನೋಡ್ಬೇಕು, ನೂರರಿಂದ ವಯಸ್ಸು ಕಳೆಯೋ ಹಳೇ ಲೆಕ್ಕ ಅಂದಾಜಿಗೆ ಸಾಕು. ಆ ಕೇಸಲ್ಲಿ 40 ಪರ್ಸೆಂಟ್ ಇರಬೇಕಿತ್ತು, 80 ಇತ್ತು. ದೊಡ್ಡ ಪಾರ್ಟಿಕಲ್ ಒಂದನ್ನೇ ನೋಡಿ ಹೇಳೋರು ಏಮಾರ್ತಾರೆ, ಎಲುಬಿನ ಹೊರಪದರದ ಕೆಳಗಿನ ತುಂಡಾಗಿದ್ರೆ ಅದು ಹೆಂಗಿದ್ರೂ ಖಾಲಿನೇ. ನಾಲ್ಕೈದು ನೋಡಿ, ಒಂದಕ್ಕೊಂದು ಹೊಂದದಿದ್ರೆ ಸರಾಸರಿ ಹಾಕೋ ಬದಲು ಹಂಗೇ ಬರೀರಿ. ಪಾರ್ಟಿಕಲ್ಲೇ ಇಲ್ಲ ಅಂದ್ರೆ ಸೆಲ್ಯುಲಾರಿಟಿ ಹೇಳಲ್ಲ, ಮೂಳೆ ಸಮೇತ ತೆಗೆಯೋ ಟ್ರೆಫೈನ್ ಬಯಾಪ್ಸಿ ನೋಡಿ ಅಂತೀನಿ.

ಮಧ್ಯೆ ಒಂದಿಷ್ಟು ಹುಚ್ಚಾಟನೂ ಮಾಡಿದ್ದೆ. ನೂರು ನೂರಾಗಿ ಎಣಿಸಿ ಪ್ರತಿ ಸಲ ರೇಶಿಯೋ ತೆಗೆದೆ: ಮೊದಲ ನೂರಕ್ಕೆ ಕುಣಿಯುತ್ತೆ, ಮುನ್ನೂರರ ಮೇಲೆ ಅಷ್ಟೊಂದು ಅಲ್ಲಾಡಲ್ಲ. ಟೈಮ್ ಉಳಿಯುತ್ತೆ ಅಂತ 200ಕ್ಕೆ ನಿಲ್ಲಿಸಿ ನೋಡಿದ್ದು ಫೇಲ್, ಎರಿಥ್ರಾಯ್ಡ್ ಗುಂಪುಗುಂಪಾಗಿ ಕೂತಿರುತ್ತಲ್ಲ, ಒಂದು ಗುಂಪು ಸಿಕ್ಕಿದ್ರೆ ಲೆಕ್ಕ ಬುಡಮೇಲು. ಪಾರ್ಟಿಕಲ್ ಒತ್ತಿ ಮಾಡೋ ಸ್ಕ್ವಾಶ್ ಸ್ಲೈಡಲ್ಲೂ ಎಣಿಸೋಕೆ ಹೋದೆ, ಸೆಲ್ ಒಡೆದು ದಪ್ಪ ಕೂತು ಬೇಜಾರಾಯ್ತು, ಈಗ ಅದು ಸೆಲ್ಯುಲಾರಿಟಿಗೆ ಮಾತ್ರ.

ದುಡ್ಡಿನ ಮಾತು ಬಂದ್ರೆ, ಸ್ಟೇನ್ ಉಳಿಸೋಕೆ ಒಂದೇ ಸ್ಲೈಡ್ ಮಾಡೋದು ದಂಡ. ಬರೀ ರಕ್ತದ ಸ್ಲೈಡಾದ್ರೆ ಪೇಷಂಟ್‌ಗೆ ಇನ್ನೊಂದ್ಸಲ ಸೂಜಿ, ಇನ್ನೊಂದ್ಸಲ ಬಿಲ್, ಅದರ ಮುಂದೆ ಐದಾರು ಸ್ಲೈಡಿನ ಸ್ಟೇನ್ ಯಾವ ಲೆಕ್ಕ. ಸೂಜಿ ಹಾಕೋರಿಗೆ ಮೊದಲೇ ಹೇಳಿಡಿ, ಮೊದಲ ಎಳೆತ ಅರ್ಧ ಎಂಎಲ್ ದಾಟಬಾರದು, ಅದೇ ಸ್ಮಿಯರ್‌ಗೆ, ಫ್ಲೋ ಮತ್ತೆ ಸೈಟೋಜೆನೆಟಿಕ್ಸ್‌ಗೆ ಆಮೇಲಿನದ್ದು. ವಾಚ್ ಗ್ಲಾಸಿಂದ ಪಾರ್ಟಿಕಲ್ ಬ್ಲಡ್ ಇಲ್ದೆ ಎತ್ತೋಕೆ ನನ್ನದೊಂದು ಕೈಚಳಕ ಇದೆ, ಅದು ಇಲ್ಲಿ ಬರೆಯಲ್ಲ, ಬೆಂಚ್ ಹತ್ರ ಬಂದವರಿಗೆ ತೋರಿಸ್ತೀನಿ.