ತೆರೆಯದ ಪ್ರಮಾಣಪತ್ರದ ಪಿಡಿಎಫ್: ಕಾಲೇಜು ಕಚೇರಿಗೆ ಪತ್ರ ಬರೆದ ಬಗೆ

ಕಾಲೇಜಿನಿಂದ ಮೇಲ್‌ನಲ್ಲಿ ಬಂದ ಪ್ರಮಾಣಪತ್ರ ತೆರೆಯುತ್ತಿಲ್ಲ ಎಂದು ಫೋನ್ ಮಾಡಿದರೆ ಕಚೇರಿಯಿಂದ ಬರುವ ಮೊದಲ ಉತ್ತರ, ‘ನಮ್ಮ ಸಿಸ್ಟಮ್‌ನಲ್ಲಿ ಓಪನ್ ಆಗ್ತಿದೆಯಲ್ಲ!’ ಅವರು ಹೇಳುವುದು ನಿಜ. ಅವರು ತೆರೆದು ನೋಡುವುದು ತಮ್ಮ ಕಂಪ್ಯೂಟರಿನ ಫೋಲ್ಡರಿನಲ್ಲಿರುವ ಫೈಲನ್ನು. ನಮಗೆ ಬಂದಿರುವುದು ಅದರ ನಕಲು, ಕೆಟ್ಟಿರುವುದು ಆ ನಕಲು. ಈ ವ್ಯತ್ಯಾಸವನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಅವರು ಹಳೆಯ ಮೇಲನ್ನೇ ಫಾರ್ವರ್ಡ್ ಮಾಡುತ್ತಾರೆ. ಫಾರ್ವರ್ಡ್ ಮಾಡಿದಾಗ ಹಳೆಯ ಲಗತ್ತೇ ಮತ್ತೆ ಬರುತ್ತದೆ, ಅಂದರೆ ಅದೇ ಮುರಿದ ಫೈಲು ಎರಡನೇ ಸಲ ಕೈಸೇರುತ್ತದೆ.

ಹಾಗಾಗಿ ಬರೆಯುವ ಮೊದಲು ದೋಷ ಎಲ್ಲಿದೆ ಎಂದು ನಾನೇ ನೋಡಿಕೊಂಡೆ. ನನ್ನ ಪ್ರಕರಣದಲ್ಲಿ ಅದು ವ್ಯಾಸಂಗ ಪ್ರಮಾಣಪತ್ರ. ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳಾದರೆ ಹಲವು ವಿಶ್ವವಿದ್ಯಾಲಯಗಳು ಅವನ್ನು ಡಿಜಿಲಾಕರ್‌ಗೆ ಏರಿಸಿರುತ್ತವೆ, ಮೊದಲು ಅಲ್ಲಿ ಹುಡುಕಿದರೆ ಪತ್ರದ ಅಗತ್ಯವೇ ಬೀಳದಿರಬಹುದು. ವ್ಯಾಸಂಗ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ ಇವು ಕಾಲೇಜೇ ಬರೆದು, ಸಹಿ ಮತ್ತು ಸೀಲು ಹಾಕಿ, ಸ್ಕ್ಯಾನ್ ಮಾಡಿ ಕಳಿಸುವ ಕಾಗದಗಳು. ಇವಕ್ಕೆ ಕಚೇರಿಯನ್ನೇ ಕೇಳಬೇಕು.

ಮೊದಲ ಪರೀಕ್ಷೆ ಡೌನ್‌ಲೋಡ್‌ನದು. ಲಗತ್ತನ್ನು ಫೋನಿನಲ್ಲಿ ಮೊಬೈಲ್ ಡೇಟಾ ಬಳಸಿ ಒಮ್ಮೆ, ಲ್ಯಾಪ್‌ಟಾಪಿನಲ್ಲಿ ಮನೆಯ ವೈಫೈ ಬಳಸಿ ಒಮ್ಮೆ ಇಳಿಸಿದೆ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ Properties ತೆರೆದರೆ Size ಎದುರು ಕೆಬಿ ಲೆಕ್ಕದ ಪಕ್ಕದಲ್ಲೇ ಪೂರ್ಣ ಬೈಟ್ ಲೆಕ್ಕವೂ ಇರುತ್ತದೆ. ಕೆಳಗಿನ Size on disk ಬೇರೆ ಲೆಕ್ಕ, ಅದನ್ನು ಬರೆದುಕೊಳ್ಳಬಾರದು. ಎರಡೂ ಸಲ ಬಂದದ್ದು 1,31,072 ಬೈಟ್. ನಮ್ಮ ನೆಟ್ ನಡುವೆ ಕಡಿದಿದ್ದರೆ ಎರಡು ಡೌನ್‌ಲೋಡ್‌ಗಳೂ ಒಂದೇ ಬೈಟಿನಲ್ಲಿ ನಿಲ್ಲುವುದು ಅಸಂಭವ. ಅಂದರೆ ಮೇಲ್‌ನಲ್ಲಿರುವ ಲಗತ್ತೇ ಅಷ್ಟು. ಇನ್ನೊಂದು ಸುಳಿವೂ ಆ ಸಂಖ್ಯೆಯಲ್ಲೇ ಇತ್ತು: 1,31,072 ಎಂದರೆ ಸರಿಯಾಗಿ 128 ಕೆಬಿ, 1,024ರ 128 ಪಟ್ಟು. ಕಂಪ್ಯೂಟರು ಫೈಲನ್ನು ನಕಲು ಮಾಡುವುದು ಇಂಥ ದುಂಡು ಗಾತ್ರದ ತುಂಡುಗಳಲ್ಲಿ. ಸ್ಕ್ಯಾನ್ ಮಾಡಿದ ಪುಟದ ಗಾತ್ರ ತಾನಾಗಿ ಹೀಗೆ ದುಂಡಾಗಿ ಬರುವುದು ಅಪರೂಪ, ಬಂದರೆ ನಕಲು ಅರ್ಧಕ್ಕೆ ನಿಂತಿರಬಹುದು ಎಂದು ಅನುಮಾನಿಸಬೇಕು.

ಅನುಮಾನವನ್ನು ಖಚಿತಪಡಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ಫೈಲಿನ ಇನ್ನೊಂದು ಪ್ರತಿ ಮಾಡಿಕೊಂಡು ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಬೇಕು. ಪರದೆ ತುಂಬ ಅರ್ಥವಾಗದ ಅಕ್ಷರಗಳು ಬರುತ್ತವೆ, ನೋಡಬೇಕಾದ್ದು ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ. ಮುಚ್ಚುವಾಗ ಸೇವ್ ಕೊಡಬಾರದು, ನೋಟ್‌ಪ್ಯಾಡ್ ಸೇವ್ ಮಾಡಿದರೆ ಸರಿಯಿದ್ದ ಪಿಡಿಎಫ್ ಕೂಡ ಹಾಳಾಗುತ್ತದೆ. ಲಿನಕ್ಸ್ ಅಥವಾ ಮ್ಯಾಕ್ ಇದ್ದವರಿಗೆ ಇಷ್ಟು ಸಾಕು:

```
head -c 8 studycert_scan.pdf
tail -c 16 studycert_scan.pdf
```

ಸರಿಯಾದ ಪಿಡಿಎಫ್ `%PDF-1.4` ಅಥವಾ `%PDF-1.7` ಎಂಬಂತೆ ಶುರುವಾಗಿ `%%EOF` ಎಂದು ಮುಗಿಯುತ್ತದೆ. ನನ್ನ ಫೈಲಿನಲ್ಲಿ ತಲೆ ಇತ್ತು, ಬಾಲ ಇರಲಿಲ್ಲ. ಪಿಡಿಎಫ್‌ಗೆ ಬಾಲವೇ ಮುಖ್ಯ. ಯಾವ ಪುಟ, ಯಾವ ಚಿತ್ರ ಎಷ್ಟನೇ ಬೈಟಿನಲ್ಲಿದೆ ಎಂಬ ಪಟ್ಟಿ ಫೈಲಿನ ಕೊನೆಯಲ್ಲಿರುತ್ತದೆ, ತೆರೆಯುವ ತಂತ್ರಾಂಶ ಮೊದಲು ಹುಡುಕುವುದು ಅದನ್ನೇ. ಪಟ್ಟಿ ಕಳೆದರೂ ಕೆಲವು ತಂತ್ರಾಂಶಗಳು ಒಳಗೆಲ್ಲ ತಡಕಾಡಿ ಪುಟ ಕಟ್ಟಿಕೊಡುವುದುಂಟು. ಆದರೆ ಸ್ಕ್ಯಾನ್ ಮಾಡಿದ ಪ್ರಮಾಣಪತ್ರ ಎಂದರೆ ಇಡೀ ಪುಟಕ್ಕೆ ಒಂದೇ ದೊಡ್ಡ ಚಿತ್ರ. ಚಿತ್ರವೇ ಅರ್ಧಕ್ಕೆ ತುಂಡಾಗಿದ್ದರೆ ಸಹಿ, ಸೀಲು ಇರುವ ಕೆಳಭಾಗವನ್ನು ಯಾರೂ ಕಟ್ಟಿಕೊಡಲಾರರು. ಅದಕ್ಕೇ ಇಂಟರ್ನೆಟ್ಟಿನ ‘ಪಿಡಿಎಫ್ ರಿಪೇರಿ’ ತಾಣಗಳ ಗೊಡವೆಗೆ ನಾನು ಹೋಗುವುದಿಲ್ಲ. ಇಲ್ಲದ ಬೈಟುಗಳನ್ನು ಅವು ತರಲಾರವು, ಹೆಸರು ಮತ್ತು ಜನ್ಮದಿನಾಂಕವಿರುವ ಕಾಗದವನ್ನು ಗುರುತಿಲ್ಲದವರ ಕೈಗೆ ಕೊಟ್ಟಂತೆಯೂ ಆಗುತ್ತದೆ.

ಮೊದಲ ಸಾಲಿನಲ್ಲಿ ಬೇರೇನಾದರೂ ಕಂಡರೆ ಕೇಳಬೇಕಾದ್ದೂ ಬೇರೆಯಾಗುತ್ತದೆ. `<!DOCTYPE html` ಎಂದಿದ್ದರೆ ಕೈಗೆ ಬಂದಿರುವುದು ಪ್ರಮಾಣಪತ್ರವಲ್ಲ, ಬಹುಮಟ್ಟಿಗೆ ಯಾವುದೋ ಲಾಗಿನ್ ಪುಟ. ಲಿಂಕ್ ಬದಲು ಲಗತ್ತು ಕಳಿಸಿ ಎಂದು ಕೇಳಬೇಕು. `PK` ಎಂದಿದ್ದರೆ ಅದು ವರ್ಡ್ ಫೈಲು ಅಥವಾ ಜಿಪ್, ಹೆಸರಿನ ಕೊನೆ ಮಾತ್ರ ಬದಲಾಗಿದೆ. ಪಾಸ್‌ವರ್ಡ್ ಕೇಳುತ್ತಿದ್ದರೆ ಫೈಲು ಕೆಟ್ಟಿಲ್ಲ, ಪಾಸ್‌ವರ್ಡ್ ಕೇಳಿ ಒಂದು ಸಾಲು ಬರೆದರೆ ಮುಗಿಯಿತು.

ಪತ್ರದಲ್ಲಿ ಅತ್ಯಂತ ಎಚ್ಚರ ಬೇಕಾದ್ದು ಒಂದು ಪದದ ಬಗ್ಗೆ. ‘ಇನ್ನೊಂದು ಪ್ರಮಾಣಪತ್ರ ಕೊಡಿ’, ‘ದ್ವಿಪ್ರತಿ ಬೇಕು’ ಎಂದು ಬರೆದರೆ ಕಡತ ಬೇರೆ ದಾರಿ ಹಿಡಿಯುತ್ತದೆ. ಕಳೆದುಹೋದ ದಾಖಲೆಗೆ ದ್ವಿಪ್ರತಿ ಕೊಡುವ ಕ್ರಮವೇ ಪ್ರತ್ಯೇಕ: ಅರ್ಜಿ ನಮೂನೆ, ಶುಲ್ಕ, ಕೆಲವೆಡೆ ಅಫಿಡವಿಟ್ಟು, ಪ್ರಾಂಶುಪಾಲರ ಮತ್ತೊಂದು ಸಹಿ. ನಮಗೆ ಬೇಕಿರುವುದು ಆಗಲೇ ಸಹಿಯಾಗಿರುವ ಅದೇ ಪ್ರಮಾಣಪತ್ರದ ಅದೇ ಫೈಲು, ಇನ್ನೊಮ್ಮೆ. ಆದ್ದರಿಂದ ವಿಷಯದ ಸಾಲಿನಲ್ಲೇ ‘ಮರಳಿ ಕಳುಹಿಸುವ ಬಗ್ಗೆ’ ಎಂದು ಬರೆದೆ.

ಪ್ರಮಾಣಪತ್ರ ಬಂದಿದ್ದ ಮೇಲ್‌ಗೇ ರಿಪ್ಲೈ ಮಾಡಿ ಇದನ್ನು ಕಳಿಸಿದೆ. ರಿಪ್ಲೈನಲ್ಲಿ ಹಳೆಯ ಲಗತ್ತು ಹೋಗುವುದಿಲ್ಲ, ಆದರೆ ಯಾವ ಮೇಲ್ ಎಂದು ಗುಮಾಸ್ತರು ಹುಡುಕಬೇಕಾಗಿಯೂ ಇಲ್ಲ.

ಇವರಿಗೆ,
ಪ್ರಾಂಶುಪಾಲರು
(ಗಮನಕ್ಕೆ: ಕಚೇರಿ ಅಧೀಕ್ಷಕರು)
(ಕಾಲೇಜಿನ ಹೆಸರು), ಬೆಂಗಳೂರು

ಮಾನ್ಯರೇ,

ವಿಷಯ: ಇ-ಮೇಲ್‌ನಲ್ಲಿ ಕಳುಹಿಸಿದ ವ್ಯಾಸಂಗ ಪ್ರಮಾಣಪತ್ರದ ಪಿಡಿಎಫ್ ತೆರೆಯದಿರುವುದರಿಂದ ಅದೇ ಫೈಲನ್ನು ಮರಳಿ ಕಳುಹಿಸುವ ಬಗ್ಗೆ.
ಉಲ್ಲೇಖ: ತಮ್ಮ ಕಚೇರಿಯ ಇ-ಮೇಲ್, ದಿನಾಂಕ 12-06-2024, ಮಧ್ಯಾಹ್ನ 3.40.

ಉಲ್ಲೇಖಿತ ಇ-ಮೇಲ್‌ನಲ್ಲಿ ನನ್ನ ವ್ಯಾಸಂಗ ಪ್ರಮಾಣಪತ್ರ (ಹೆಸರು, ರಿಜಿಸ್ಟರ್ ನಂಬರ್, ವ್ಯಾಸಂಗದ ವರ್ಷಗಳು) studycert_scan.pdf ಎಂಬ ಫೈಲಾಗಿ ತಲುಪಿದೆ. ಪ್ರಮಾಣಪತ್ರ ನೀಡಿದ್ದಕ್ಕೆ ಧನ್ಯವಾದಗಳು. ಆದರೆ ಈ ಫೈಲು ತೆರೆಯುತ್ತಿಲ್ಲ. ಕ್ರೋಮ್‌ನಲ್ಲಿ “Failed to load PDF document.” ಎಂದು ಬರುತ್ತಿದೆ.

ಬೇರೆ ಬೇರೆ ಎರಡು ಸಾಧನಗಳಲ್ಲಿ ಇಳಿಸಿದರೂ ಗಾತ್ರ 128 ಕೆಬಿ ಮಾತ್ರ ಇದ್ದು, ಫೈಲಿನ ಕೊನೆಯ ಭಾಗ ಇಲ್ಲ. ತಮ್ಮ ಕಂಪ್ಯೂಟರಿನಲ್ಲಿರುವ ಮೂಲ ಫೈಲು ಸರಿಯಾಗಿದ್ದು, ಮೇಲ್‌ಗೆ ಲಗತ್ತಿಸುವಾಗ ಅಪೂರ್ಣ ಪ್ರತಿ ಸೇರಿರಬಹುದು. ಸೆಂಟ್ ಮೇಲ್‌ನಲ್ಲಿರುವ ಲಗತ್ತನ್ನು ತೆರೆದರೆ ಇದು ತಿಳಿಯುತ್ತದೆ.

ದಯವಿಟ್ಟು ಹಳೆಯ ಮೇಲನ್ನು ಫಾರ್ವರ್ಡ್ ಮಾಡದೆ, ಮೂಲ ಫೈಲನ್ನು ಹೊಸದಾಗಿ ಲಗತ್ತಿಸಿ ಇದೇ ವಿಳಾಸಕ್ಕೆ ಕಳುಹಿಸಬೇಕೆಂದು ಕೋರುತ್ತೇನೆ. ಮೂಲ ಫೈಲೂ ತೆರೆಯದಿದ್ದಲ್ಲಿ, ಕಚೇರಿ ಪ್ರತಿಯನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿ ಕಳುಹಿಸಬೇಕಾಗಿ ವಿನಂತಿ. ಹೊಸ ಪ್ರಮಾಣಪತ್ರವಾಗಲೀ ದ್ವಿಪ್ರತಿಯಾಗಲೀ ನನಗೆ ಬೇಕಿಲ್ಲ.

ಉದ್ಯೋಗದ ದಾಖಲೆ ಪರಿಶೀಲನೆ 21-06-2024ರಂದು ಇರುವುದರಿಂದ, 19ರೊಳಗೆ ಕಳುಹಿಸಿದರೆ ಅನುಕೂಲವಾಗುತ್ತದೆ.

ಲಗತ್ತು: ದೋಷ ಸಂದೇಶದ ಸ್ಕ್ರೀನ್‌ಶಾಟ್, 1

ಸ್ಥಳ: ಬೆಂಗಳೂರು
ದಿನಾಂಕ: 14-06-2024

ತಮ್ಮ ವಿಶ್ವಾಸಿ,
(ಸಹಿ, ಹೆಸರು, ಮೊಬೈಲ್ ಸಂಖ್ಯೆ)

‘ಸೆಂಟ್ ಮೇಲ್‌ನಲ್ಲಿರುವ ಲಗತ್ತನ್ನು ತೆರೆದರೆ’ ಎಂಬ ಸಾಲೇ ಈ ಪತ್ರದ ಜೀವ. ಗುಮಾಸ್ತರು ಅದನ್ನು ಒತ್ತಿ ನೋಡಿದ ಕೂಡಲೇ ನಮಗೆ ಬಂದ ದೋಷ ಅವರ ಪರದೆಯಲ್ಲೂ ಕಾಣುತ್ತದೆ, ವಾದಕ್ಕೆ ಎಡೆಯಿರುವುದಿಲ್ಲ. ತಪ್ಪು ಅವರದೆಂದು ಬೊಟ್ಟು ಮಾಡುವ ಮಾತನ್ನು ಬೇಕೆಂದೇ ಬಿಟ್ಟೆ. ಸ್ಕ್ಯಾನರ್ ಒಂದು ಕಂಪ್ಯೂಟರಿಗೆ, ಇಂಟರ್ನೆಟ್ ಇನ್ನೊಂದಕ್ಕೆ ಇರುವ ಕಚೇರಿಗಳಲ್ಲಿ ಫೈಲು ಪೆನ್‌ಡ್ರೈವ್‌ನಲ್ಲಿ ಓಡಾಡುತ್ತದೆ, ನಕಲು ಮುಗಿಯುವ ಮೊದಲೇ ಅದನ್ನು ಕಿತ್ತರೂ ಹೀಗಾಗುತ್ತದೆ. ಯಾವ ಹಂತದಲ್ಲಿ ಕಡಿಯಿತು ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ‘19ರೊಳಗೆ’ ಎಂದು ಬರೆದಿದ್ದಕ್ಕೂ ಕಾರಣವಿದೆ. ಬಂದ ಫೈಲು ಮತ್ತೆ ಕೈಕೊಟ್ಟರೆ ಇನ್ನೊಂದು ಸುತ್ತಿಗೆ 20ನೇ ತಾರೀಕು ಪೂರ್ತಿ ಉಳಿಯುತ್ತದೆ.

ಎರಡು ಕೆಲಸದ ದಿನ ಉತ್ತರ ಬಾರದಿದ್ದರೆ ಇದೇ ಪತ್ರದ ಎರಡು ಪ್ರತಿ ಮುದ್ರಿಸಿ ಕಚೇರಿಗೆ ಒಯ್ಯಬೇಕು. ಒಂದನ್ನು ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಬೇಕು. ಯಲಹಂಕದಿಂದ ಜಯನಗರಕ್ಕೆ ಹೋಗಿ ಬರುವುದೆಂದರೆ ಅರ್ಧ ದಿನ. ಹೋದವರು ಖಾಲಿ ಪೆನ್‌ಡ್ರೈವ್ ಒಂದನ್ನೂ ಜೇಬಿನಲ್ಲಿಟ್ಟುಕೊಂಡಿರಲಿ, ಒಪ್ಪಿದರೆ ಮೂಲ ಫೈಲನ್ನು ಅಲ್ಲೇ ಪಡೆಯಬಹುದು. ಸರ್ಕಾರಿ ಕಚೇರಿಯಂಥ ಕಡೆ ಹೊರಗಿನ ಪೆನ್‌ಡ್ರೈವ್ ಹಾಕಿಕೊಳ್ಳದಿರುವುದೂ ಉಂಟು, ಆಗ ಎದುರಿಗೇ ಮೇಲ್ ಮಾಡಿಸಿ ಫೋನಿನಲ್ಲಿ ತೆರೆದು ನೋಡಿಯೇ ಹೊರಡಬೇಕು.

ಮರಳಿ ಬಂದ ಫೈಲು 4,21,734 ಬೈಟ್ ಇತ್ತು, ಅಂದರೆ ಸುಮಾರು 412 ಕೆಬಿ. ಮೊದಲು ಬಂದದ್ದು ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಕೊನೆಯಲ್ಲಿ `%%EOF` ಇದೆಯೇ ಎಂದು ನೋಡಿ, ಪುಟವನ್ನು ತೆರೆದು ಕೆಳಗಿನ ತುದಿಯವರೆಗೆ ಜರುಗಿಸಿ, ಸಹಿ, ಸೀಲು, ರಿಜಿಸ್ಟರ್ ನಂಬರ್ ಓದಲು ಬರುತ್ತವೆಯೇ ಎಂದು ಪರೀಕ್ಷಿಸಿದೆ. ಮರುಸ್ಕ್ಯಾನ್ ಆಗಿದ್ದರೆ ಸೀಲಿನ ಅಂಚು ಕತ್ತರಿಸಿಹೋಗಿರಬಹುದು, ಅದನ್ನು ಆಗಲೇ ಕಂಡುಕೊಳ್ಳಬೇಕು. ಪ್ರಮಾಣಪತ್ರಕ್ಕೆ ಡಿಜಿಟಲ್ ಸಹಿ ಇರುವವರು ಇನ್ನೊಂದನ್ನು ಗಮನಿಸಬೇಕು: ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಫೈಲು ಕೆಟ್ಟಿದೆ ಎಂದಲ್ಲ, ಸಹಿಯನ್ನು ನಿಮ್ಮ ತಂತ್ರಾಂಶ ಇನ್ನೂ ಪರಿಶೀಲಿಸಿಲ್ಲ ಎಂದಷ್ಟೇ. ಅಂಥ ಫೈಲನ್ನು ‘ಪ್ರಿಂಟ್ ಟು ಪಿಡಿಎಫ್’ ಕೊಟ್ಟು ಮತ್ತೆ ಉಳಿಸಿದರೆ ಸಹಿಯ ಚಿತ್ರ ಉಳಿದು ಸಹಿಯೇ ಹೋಗುತ್ತದೆ. ಬಂದ ಫೈಲನ್ನು ಬಂದ ಹಾಗೆಯೇ ಇಟ್ಟುಕೊಂಡು, ಅದೇ ಮೇಲ್‌ಗೆ ‘ಫೈಲು ತಲುಪಿದೆ, ಸರಿಯಾಗಿ ತೆರೆಯುತ್ತಿದೆ, ಧನ್ಯವಾದಗಳು’ ಎಂದು ಬರೆದು ಮುಗಿಸಿದೆ.